ಹಲ್ಲುನೋವಿಗೆ ದಿನಕ್ಕೆ ಎಷ್ಟು ಮಾತ್ರೆ? ನೋವು ಇಳಿದು ಕೆನ್ನೆ ಊದಿದರೆ ಏನರ್ಥ?

ಪ್ರಶ್ನೆ: ಡಾಕ್ಟ್ರೇ, ನಮ್ಮನೆಯವರಿಗೆ 52 ವರ್ಷ. ಬಿಪಿ, ಶುಗರ್ ಎರಡೂ ಇದೆ. ನಾಲ್ಕು ದಿನದಿಂದ ಕೆಳಗಿನ ದವಡೆ ಹಲ್ಲು ವಿಪರೀತ ನೋವು. ಮೆಡಿಕಲ್‌ನಲ್ಲಿ ಕೊಟ್ಟ ಕಾಂಬಿಫ್ಲಾಮ್ ದಿನಕ್ಕೆ ಮೂರು ತಗೊಳ್ತಾರೆ. ತಡೆಯೋಕೆ ಆಗದೇ ಇದ್ದಾಗ ಮಧ್ಯೆ ಮಧ್ಯೆ ಡೋಲೋ 650, ದಿನಕ್ಕೆ ನಾಲ್ಕಾಗುತ್ತೆ. ಎರಡು ದಿನದಿಂದ ನೆಗಡಿ ಅಂತ ಅದರ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ನಿನ್ನೆಯಿಂದ ನೋವು ಕಮ್ಮಿಯಾಗಿದೆ, ಆದರೆ ಕೆನ್ನೆ ಸ್ವಲ್ಪ ಊದಿದೆ. ಅತ್ತೆ ಬಿಸಿ ಶಾಖ ಕೊಡು ಅಂತಾರೆ. ಹೀಗೆ ಎಷ್ಟು ದಿನ ಮಾತ್ರೆ ನುಂಗಬಹುದು? ಎಲ್ಲ ಮಾತ್ರೆಗಳ ಫೋಟೋ ಕಳಿಸಿದ್ದೇನೆ.
– ಓದುಗರೊಬ್ಬರು, ತಿಪಟೂರು

ಉತ್ತರ: ಅಮ್ಮಾ, ನಿಮ್ಮ ಪ್ರಶ್ನೆ ಬಂದ ಕೂಡಲೇ ನಾನು ಎರಡು ಸಾಲಿನ ಉತ್ತರ ಕಳಿಸಿದ್ದೆ. ಇವತ್ತೇ ಹಲ್ಲಿನ ಡಾಕ್ಟರಿಗೆ ತೋರಿಸಿ, ಅವರು ನೋಡುವ ತನಕ ನೋವಿನ ಮಾತ್ರೆ, ನೆಗಡಿ ಮಾತ್ರೆ ಯಾವುದೂ ಬೇಡ, ಶಾಖವೂ ಬೇಡ, ಬಿಪಿ ಶುಗರ್ ಮಾತ್ರೆ ಮಾತ್ರ ಬಿಡಬೇಡಿ ಅಂತ. ಯಾಕೆ ಅಷ್ಟು ಅವಸರ ಮಾಡಿದೆ ಅನ್ನೋದನ್ನು ಇಲ್ಲಿ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಆದದ್ದೇ ಎಷ್ಟೋ ಮನೆಗಳಲ್ಲಿ ಆಗುತ್ತಿರುತ್ತದೆ.

ಮೊದಲು ನೀವು ಕಳಿಸಿದ ಫೋಟೋ ನೋಡೋಣ. ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಸ್ಟ್ರಿಪ್ ಇಟ್ಟಿದ್ದೀರಿ. ಅದರಲ್ಲಿ ಒಂದನ್ನು ಅಂಗಡಿಯವರು ಕತ್ತರಿಸಿ ಕೊಟ್ಟಿದ್ದಾರೆ, ಹೆಸರಿನ ಅರ್ಧ ಭಾಗ ಹೋಗಿದೆ. ಆದರೂ ಹಿಂದಿನ ಬೆಳ್ಳಿ ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದದ್ದು ಉಳಿದಿದೆ. ನಾನು ಓದುವುದು ಆ ಸಣ್ಣ ಅಕ್ಷರಗಳನ್ನೇ. ಮುಂದೆ ದಪ್ಪಗೆ ಬರೆದಿರುವುದು ಕಂಪನಿ ಇಟ್ಟ ಹೆಸರು. ಒಳಗೆ ಏನಿದೆ ಅನ್ನೋದು ಹಿಂದೆ ಇರುತ್ತದೆ.

ಕಾಂಬಿಫ್ಲಾಮ್ ಅಂದರೆ ಒಂದು ಔಷಧ ಅಲ್ಲ, ಎರಡು. ಒಂದು ಮಾತ್ರೆಯಲ್ಲಿ ಐಬುಪ್ರೊಫೇನ್ 400 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಇರುತ್ತದೆ. ಡೋಲೋ 650 ಅಂದರೆ ಬರೀ ಪ್ಯಾರಾಸಿಟಮಾಲ್, 650 ಮಿಲಿಗ್ರಾಂ. ನಿಮ್ಮ ಫೋಟೋದಲ್ಲಿರುವ ನೆಗಡಿ ಮಾತ್ರೆಯ ಹಿಂದೆಯೂ ಮೊದಲ ಸಾಲಿನಲ್ಲೇ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಅಂತಿದೆ. ಅಂದರೆ ನಿಮ್ಮವರು ಮೂರು ಬೇರೆ ಬೇರೆ ಹೆಸರಿನಲ್ಲಿ ಒಂದೇ ಔಷಧ ನುಂಗುತ್ತಿದ್ದಾರೆ.

ಈಗ ಕೂಡಿಸೋಣ. ಕಾಂಬಿಫ್ಲಾಮ್ ಮೂರು ಅಂದರೆ ಪ್ಯಾರಾಸಿಟಮಾಲ್ 975. ಡೋಲೋ ನಾಲ್ಕು ಅಂದರೆ 2600. ನೆಗಡಿ ಮಾತ್ರೆ ಎರಡು ಅಂದರೆ 1000. ಒಟ್ಟು 4575 ಮಿಲಿಗ್ರಾಂ. ಆರೋಗ್ಯವಾಗಿರುವ ದೊಡ್ಡವರಿಗೆ 24 ಗಂಟೆಯಲ್ಲಿ 4000 ಮಿಲಿಗ್ರಾಂ, ಅಂದರೆ 4 ಗ್ರಾಂ, ಕೊನೆಯ ಗೆರೆ. ಡಾಕ್ಟರನ್ನು ಕೇಳದೆ ಮನೆಯಲ್ಲೇ ತೆಗೆದುಕೊಳ್ಳುವವರಿಗೆ ನಾನು 3 ಗ್ರಾಂ ದಾಟಬೇಡಿ ಅನ್ನುತ್ತೇನೆ. ನಿಮ್ಮವರು ಎರಡು ದಿನದಿಂದ ಎರಡೂ ಗೆರೆ ದಾಟಿದ್ದಾರೆ. ಅವರೇನೂ ಬೇಕಂತ ಮಾಡಿದ್ದಲ್ಲ. ಯಾವ ಮಾತ್ರೆಯನ್ನೂ ಅತಿಯಾಗಿ ತೆಗೆದುಕೊಂಡಿಲ್ಲ ಅಂತಲೇ ಅವರಿಗೂ ಅನ್ನಿಸಿರುತ್ತದೆ.

ಹಲ್ಲುನೋವಿನಲ್ಲಿ ಈ ಅಪಾಯ ಬೇರೆ ನೋವಿಗಿಂತ ಜಾಸ್ತಿ. ಹಲ್ಲುನೋವಿನವರು ಒಂದೇ ಸಲ ಮುಷ್ಟಿ ತುಂಬ ಮಾತ್ರೆ ನುಂಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಒಂದು, ಎರಡು ಗಂಟೆಗೆ ಎಚ್ಚರವಾಗಿ ಇನ್ನೊಂದು, ಬೆಳಗಿನ ಜಾವ ಮತ್ತೊಂದು. ಹೀಗೆ ಎರಡು ಮೂರು ದಿನ ನಡೆಯುತ್ತದೆ. ಲೆಕ್ಕ ಯಾರೂ ಇಟ್ಟಿರುವುದಿಲ್ಲ. ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ನಾವು ತಿಂದ ಪ್ಯಾರಾಸಿಟಮಾಲ್‌ನಲ್ಲಿ ಸ್ವಲ್ಪ ಭಾಗ ಲಿವರ್‌ನಲ್ಲಿ ವಿಷವಾಗಿ ಬದಲಾಗುತ್ತದೆ. ಆ ವಿಷವನ್ನು ಸುಮ್ಮನಾಗಿಸುವ ಗ್ಲುಟಾಥಯೋನ್ ಅನ್ನೋ ವಸ್ತು ಲಿವರ್‌ನಲ್ಲೇ ಇರುತ್ತದೆ. ಮಿತಿಯಲ್ಲಿ ತೆಗೆದುಕೊಂಡರೆ ಆ ದಾಸ್ತಾನು ಸಾಕಾಗುತ್ತದೆ. ಮಿತಿ ಮೀರಿದರೆ ಖಾಲಿಯಾಗುತ್ತದೆ, ಆಮೇಲೆ ವಿಷ ಲಿವರನ್ನೇ ತಿನ್ನುತ್ತದೆ. ಊಟ ಸರಿಯಾಗಿ ಮಾಡದವರಲ್ಲಿ, ದಿನಾ ಕುಡಿಯುವವರಲ್ಲಿ ಈ ದಾಸ್ತಾನು ಮೊದಲೇ ಕಮ್ಮಿ. ಹಲ್ಲುನೋವು ಬಂದವರು ಏನು ಮಾಡುತ್ತಾರೆ? ಅಗಿಯಲು ಆಗುವುದಿಲ್ಲ ಅಂತ ನಾಲ್ಕು ದಿನ ಗಂಜಿ, ಕಾಫಿ, ಬಿಸ್ಕತ್ತಿನಲ್ಲೇ ಇರುತ್ತಾರೆ. ಮಾತ್ರೆ ಜಾಸ್ತಿ, ಊಟ ಕಮ್ಮಿ. ಎರಡೂ ಸೇರಿದಾಗಲೇ ತೊಂದರೆ.

ಈ ವಿಷದ ಇನ್ನೊಂದು ಕೆಟ್ಟ ಗುಣ ಏನೆಂದರೆ ಮೊದಲ ದಿನ ಅದು ಗೊತ್ತೇ ಆಗುವುದಿಲ್ಲ. ಸ್ವಲ್ಪ ವಾಕರಿಕೆ, ಸುಸ್ತು ಇರಬಹುದು, ಇರದೆಯೂ ಹೋಗಬಹುದು. ಎರಡನೇ ಮೂರನೇ ದಿನ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ವಾಂತಿ, ಕಣ್ಣು ಹಳದಿ ಆಗುವುದು ಶುರುವಾಗುತ್ತದೆ. ಅಷ್ಟರಲ್ಲಿ ಲಿವರ್ ಪೆಟ್ಟು ತಿಂದಿರುತ್ತದೆ. ಇದಕ್ಕೆ ಒಳ್ಳೆಯ ಮದ್ದು ಇದೆ, ಎನ್-ಅಸಿಟೈಲ್‌ಸಿಸ್ಟೀನ್ ಅಂತ. ಒಂದೇ ಸಲ ಜಾಸ್ತಿ ನುಂಗಿದವರಿಗೆ ಎಂಟು ಗಂಟೆಯೊಳಗೆ ಕೊಟ್ಟರೆ ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ 4 ಗ್ರಾಂ ದಾಟಿದೆ ಅಂತ ಗೊತ್ತಾದ ದಿನವೇ ಆಸ್ಪತ್ರೆಯಲ್ಲಿ ಹೇಳಬೇಕು. "ಏನೂ ಆಗಿಲ್ಲವಲ್ಲ, ಚೆನ್ನಾಗೇ ಇದ್ದಾರೆ" ಅಂತ ಕಾಯಬಾರದು. ನಿಮ್ಮವರ ಲೆಕ್ಕ ಗೆರೆಯನ್ನು ಸ್ವಲ್ಪವೇ ದಾಟಿದೆ. ಲಿವರ್ ಗಟ್ಟಿಯಿರುವ ಬಹಳಷ್ಟು ಜನರಿಗೆ ಇಷ್ಟರಿಂದ ಏನೂ ಆಗದೆ ಇರಬಹುದು. ಆದರೆ ಅದನ್ನು ರಕ್ತ ಪರೀಕ್ಷೆ ನೋಡಿ ಹೇಳಬೇಕೇ ಹೊರತು ಮುಖ ನೋಡಿ ಅಲ್ಲ. ಲಿವರ್ ಪರೀಕ್ಷೆ ಬರೆಯಿರಿ ಅಂತ ಡಾಕ್ಟರನ್ನು ನೀವೇ ಕೇಳಿ.

ಈಗ ಐಬುಪ್ರೊಫೇನ್ ವಿಷಯ. ನಿಜ ಹೇಳಬೇಕೆಂದರೆ ಹಲ್ಲುನೋವಿಗೆ ಇದು ತುಂಬ ಒಳ್ಳೆಯ ಔಷಧ. ಹಲ್ಲಿನ ಒಳಗೆ ನರ, ರಕ್ತನಾಳ ಇರುವ ಒಂದು ಚಿಕ್ಕ ಕೋಣೆ ಇದೆ. ಹುಳುಕು ಅಲ್ಲಿಗೆ ತಲುಪಿದಾಗ ಒಳಗಿನದು ಊದಿಕೊಳ್ಳುತ್ತದೆ. ಸುತ್ತಲೂ ಗಟ್ಟಿ ಗೋಡೆ ಇರುವುದರಿಂದ ಊದಲು ಜಾಗವಿಲ್ಲ. ಒತ್ತಡ ಪೂರ್ತಿ ನರದ ಮೇಲೆ ಬೀಳುತ್ತದೆ. ಮಲಗಿದಾಗ ತಲೆಗೆ ರಕ್ತ ಜಾಸ್ತಿ ಬರುವುದರಿಂದ ರಾತ್ರಿ ನೋವು ಟಕ್ ಟಕ್ ಅಂತ ಬಡಿಯುತ್ತದೆ. ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿದರೆ ಕೊಂಚ ತಡೆಯುವ ಹಾಗಿರುವುದು ಇದಕ್ಕೇ. ಐಬುಪ್ರೊಫೇನ್ ಆ ಊತವನ್ನು ಹುಟ್ಟಿದ ಜಾಗದಲ್ಲೇ ತಗ್ಗಿಸುತ್ತದೆ. ಪ್ಯಾರಾಸಿಟಮಾಲ್ ಹೆಚ್ಚಾಗಿ ಮಿದುಳಿನ ಕಡೆಯಿಂದ ನೋವಿನ ಅರಿವನ್ನು ಕಮ್ಮಿ ಮಾಡುತ್ತದೆ. ಎರಡರ ದಾರಿ ಬೇರೆ. ಅದಕ್ಕೇ ಎರಡನ್ನೂ ಸೇರಿಸಿ ಕೊಟ್ಟರೆ ಒಂದೊಂದನ್ನೇ ಜಾಸ್ತಿ ಕೊಡುವುದಕ್ಕಿಂತ ಚೆನ್ನಾಗಿ ನೋವು ಇಳಿಯುತ್ತದೆ.

ಬೇರೆ ಯಾವ ಕಾಯಿಲೆಯೂ ಇಲ್ಲದ ದೊಡ್ಡವರಿಗೆ ನಾನು ಹೇಳುವ ಕ್ರಮ ಇದು. ತಿಂಡಿ ಆದ ಮೇಲೆ ಐಬುಪ್ರೊಫೇನ್ 400 ಒಂದು, ಪ್ಯಾರಾಸಿಟಮಾಲ್ 500 ಒಂದು. ಮಧ್ಯಾಹ್ನ ಊಟದ ನಂತರ, ರಾತ್ರಿ ಊಟದ ನಂತರ ಮತ್ತೆ ಹಾಗೇ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಕನಿಷ್ಠ ಆರು ಗಂಟೆ ಅಂತರ ಇರಲಿ. ಡಾಕ್ಟರ ಚೀಟಿ ಇಲ್ಲದೆ ದಿನಕ್ಕೆ ಐಬುಪ್ರೊಫೇನ್ 1200 ಮಿಲಿಗ್ರಾಂ, ಅಂದರೆ 400ರ ಮೂರು ಮಾತ್ರೆ ಸಾಕು, ಅದಕ್ಕಿಂತ ಬೇಡ. ಹೀಗೆ ಎರಡು ದಿನ, ತೀರಾ ಅಂದರೆ ಮೂರು ದಿನ. ಅಷ್ಟರೊಳಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಿರಬೇಕು. ಈ ಮಾತ್ರೆಗಳು ಅಲ್ಲಿಗೆ ಹೋಗುವ ತನಕದ ದಾರಿ ಖರ್ಚು ಇದ್ದ ಹಾಗೆ. ಹುಳುಕನ್ನು ಅವು ಮುಟ್ಟುವುದಿಲ್ಲ.

ಆದರೆ ಈ ಕ್ರಮ ನಿಮ್ಮವರಿಗೆ ಅಲ್ಲ. ಫೋಟೋದಲ್ಲಿರುವ ನಾಲ್ಕನೇ ಸ್ಟ್ರಿಪ್ ಅವರ ಬಿಪಿ ಮಾತ್ರೆ. ಅದರಲ್ಲಿ ಟೆಲ್ಮಿಸಾರ್ಟಾನ್ 40, ಹೈಡ್ರೋಕ್ಲೋರೋಥಯಜೈಡ್ 12.5 ಅಂತಿದೆ. ಎರಡನೆಯದು ಮೂತ್ರ ಜಾಸ್ತಿ ಮಾಡಿಸಿ ಬಿಪಿ ಇಳಿಸುವ ಔಷಧ. ಈ ಎರಡರ ಜೊತೆ ಐಬುಪ್ರೊಫೇನ್ ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ಮೂತ್ರದ ಔಷಧ ಮೈಯ ನೀರಿನಂಶ ಕಮ್ಮಿ ಮಾಡಿರುತ್ತದೆ. ಟೆಲ್ಮಿಸಾರ್ಟಾನ್ ಕಿಡ್ನಿಯಿಂದ ರಕ್ತ ಹೊರಗೆ ಹೋಗುವ ಬಾಗಿಲನ್ನು ಸಡಿಲ ಮಾಡಿರುತ್ತದೆ. ಐಬುಪ್ರೊಫೇನ್ ಒಳಗೆ ಬರುವ ಬಾಗಿಲನ್ನು ಬಿಗಿ ಮಾಡುತ್ತದೆ. ಆಗ ಕಿಡ್ನಿಯೊಳಗೆ ಸೋಸುವಷ್ಟು ಒತ್ತಡವೇ ಉಳಿಯುವುದಿಲ್ಲ. ನೋವಿಗೆ ನೀರು ಕುಡಿಯುವುದನ್ನೂ ಕಮ್ಮಿ ಮಾಡಿದ್ದರೆ ಇನ್ನೂ ಕಷ್ಟ. ಶುಗರ್ ಇರುವವರ ಕಿಡ್ನಿ ಹೇಗೂ ಸ್ವಲ್ಪ ದಣಿದಿರುತ್ತದೆ. ಮೂತ್ರ ಕಮ್ಮಿ ಆಗಿದೆಯಾ, ಕಾಲು ಊದಿದೆಯಾ ಗಮನಿಸಿ. ಲಿವರ್ ಪರೀಕ್ಷೆಯ ಜೊತೆ ಕ್ರಿಯಾಟಿನಿನ್ ಪರೀಕ್ಷೆಯೂ ಆಗಲಿ. ಇದಲ್ಲದೆ ಐಬುಪ್ರೊಫೇನ್ ಬಿಪಿ ಮಾತ್ರೆಯ ಕೆಲಸವನ್ನೂ ಕುಂದಿಸುತ್ತದೆ. ನಿಮ್ಮ ನೆಗಡಿ ಮಾತ್ರೆಯಲ್ಲಿರುವ ಫೀನೈಲೆಫ್ರಿನ್ ಬಿಪಿಯನ್ನು ಮೇಲಕ್ಕೆ ತಳ್ಳುತ್ತದೆ. ಒಮ್ಮೆ ಬಿಪಿ ನೋಡಿಸಿ.

ಇನ್ನು ಯಾರು ಯಾರು ಐಬುಪ್ರೊಫೇನ್‌ನಿಂದ ದೂರ ಇರಬೇಕು ಅನ್ನೋದನ್ನೂ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿ ಹುಣ್ಣು ಇರುವವರು, ಹಿಂದೆ ರಕ್ತ ವಾಂತಿ ಆದವರು ಅಥವಾ ಮಲ ಟಾರಿನ ಹಾಗೆ ಕಪ್ಪಗೆ ಹೋದವರು. ಕಿಡ್ನಿ ಕಾಯಿಲೆಯವರು, ಹೃದಯ ದುರ್ಬಲ ಆಗಿರುವವರು, ಹಾರ್ಟ್ ಅಟ್ಯಾಕ್ ಆದವರು. ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು. ಹೃದಯಕ್ಕೆ ಅಂತ ದಿನಾ ಸಣ್ಣ ಆಸ್ಪಿರಿನ್ ನುಂಗುವವರೂ ಸುಮ್ನೆ ತೆಗೆದುಕೊಳ್ಳಬಾರದು, ಯಾಕೆಂದರೆ ಐಬುಪ್ರೊಫೇನ್ ಆ ಆಸ್ಪಿರಿನ್‌ನ ಕೆಲಸಕ್ಕೇ ಅಡ್ಡ ಬರುತ್ತದೆ. ಆಸ್ತಮಾ ಇರುವವರಲ್ಲಿ ಕೆಲವರಿಗೆ ಇಂಥ ನೋವಿನ ಮಾತ್ರೆಯಿಂದ ಉಸಿರು ಕಟ್ಟುತ್ತದೆ. ಹಿಂದೆ ಒಮ್ಮೆ ಹಾಗಾಗಿದ್ದರೆ ಮತ್ತೆ ಮುಟ್ಟಬೇಡಿ. ಬಸುರಿಯರು ಡಾಕ್ಟರು ಹೇಳದೆ ತೆಗೆದುಕೊಳ್ಳಬಾರದು. 20 ವಾರ ದಾಟಿದ ಮೇಲಂತೂ ಮಗುವಿನ ಕಿಡ್ನಿಗೆ, ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ರಕ್ತನಾಳಕ್ಕೆ ತೊಂದರೆ ಆಗಬಹುದು. ಅವರಿಗೆ ಪ್ಯಾರಾಸಿಟಮಾಲೇ ಸರಿ, ಅದೂ ಡಾಕ್ಟರನ್ನು ಕೇಳಿ, ಬೇಕಾದಷ್ಟೇ. ಮಳೆಗಾಲದಲ್ಲಿ ಹಲ್ಲುನೋವಿನ ಜೊತೆ ಜ್ವರ, ಮೈಕೈ ನೋವು ಬಂದರೆ ಅದು ಡೆಂಗಿಯೂ ಇರಬಹುದು ಅಲ್ವಾ? ಡೆಂಗಿ ಇಲ್ಲ ಅಂತ ಗೊತ್ತಾಗುವ ತನಕ ಐಬುಪ್ರೊಫೇನ್ ಬೇಡ. ಪ್ಲೇಟ್‌ಲೆಟ್ ಇಳಿದಿರುವಾಗ ಅದು ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ನಾನು ದಿನಾ ನೋಡುತ್ತೇನೆ. ಒಂದು, "ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆ ತಗೊಂಡಿದ್ದೀನಿ, ಏನೂ ಆಗಲ್ಲ" ಅನ್ನೋದು. ಪ್ಯಾಂಟೊಪ್ರಜೋಲ್ ಹೊಟ್ಟೆಯನ್ನು ಕಾಯುತ್ತದೆ. ಕಿಡ್ನಿಯನ್ನು, ಹೃದಯವನ್ನು ಕಾಯುವುದಿಲ್ಲ. ಎರಡನೆಯದು, ಮಂಡಿ ನೋವಿಗೆ ಅಂತ ಈಗಾಗಲೇ ಡೈಕ್ಲೋಫೆನಾಕ್ ಅಥವಾ ಅಸಿಕ್ಲೋಫೆನಾಕ್ ನುಂಗುತ್ತಿರುವವರು ಹಲ್ಲಿಗೆ ಅಂತ ಐಬುಪ್ರೊಫೇನ್ ಸೇರಿಸುವುದು. ಇವೆಲ್ಲ ಒಂದೇ ಮನೆತನದವು. ಎರಡು ಸೇರಿದರೆ ನೋವು ಎರಡು ಪಟ್ಟು ಇಳಿಯುವುದಿಲ್ಲ, ಹೊಟ್ಟೆ ಮತ್ತು ಕಿಡ್ನಿಗೆ ಮಾತ್ರ ಹೊರೆ ಎರಡು ಪಟ್ಟಾಗುತ್ತದೆ.

ಪ್ಯಾರಾಸಿಟಮಾಲ್ ಬಹಳ ಜನಕ್ಕೆ ಹೊಂದುತ್ತದೆ. ಆದರೆ ಲಿವರ್ ಕಾಯಿಲೆ ಇರುವವರು, ದಿನಾ ಕುಡಿಯುವವರು, 50 ಕಿಲೋಗಿಂತ ಕಮ್ಮಿ ತೂಕದವರು, ನಾಲ್ಕಾರು ದಿನದಿಂದ ಊಟ ಬಿಟ್ಟವರು ಇಷ್ಟೇ ಪ್ರಮಾಣ ತೆಗೆದುಕೊಳ್ಳಬಾರದು. ಎಷ್ಟು ಅಂತ ಡಾಕ್ಟರನ್ನೇ ಕೇಳಬೇಕು. ನಿಮ್ಮವರ ಲಿವರ್, ಕಿಡ್ನಿ ಪರೀಕ್ಷೆ ಸರಿಯಾಗಿ ಬಂದರೆ ಅವರ ಡಾಕ್ಟರು ಹೆಚ್ಚಾಗಿ ಬರೀ ಪ್ಯಾರಾಸಿಟಮಾಲ್ ಬರೆಯುತ್ತಾರೆ. 650ರ ಮಾತ್ರೆ ಆರು ಗಂಟೆಗೆ ಒಂದರಂತೆ ದಿನಕ್ಕೆ ನಾಲ್ಕು ಅಂದರೆ 2600 ಮಿಲಿಗ್ರಾಂ ಆಯಿತು. ಆಗ ಬೇರೆ ಯಾವ ಹೆಸರಿನಲ್ಲೂ ಪ್ಯಾರಾಸಿಟಮಾಲ್ ಮನೆಯೊಳಗೆ ಬರಬಾರದು. ನೆಗಡಿಗೆ ಹಬೆ ತೆಗೆದುಕೊಳ್ಳಲಿ. ಕ್ಯಾಲೆಂಡರ್ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ, ನುಂಗಿದ ಹೊತ್ತು ಬರೆದಿಡಿ. ರಾತ್ರಿ ಎರಡು ಗಂಟೆಗೆ ನೋವಿನಲ್ಲಿ ಎದ್ದವರಿಗೆ ಹಿಂದಿನ ಮಾತ್ರೆ ಯಾವಾಗ ನುಂಗಿದ್ದು ಅಂತ ನೆನಪಿರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಮಾತ್ರೆಯ ಲೆಕ್ಕ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆದರಿಸಿದ್ದು ಲೆಕ್ಕ ಅಲ್ಲ, "ನೋವು ಕಮ್ಮಿಯಾಗಿದೆ, ಆದರೆ ಕೆನ್ನೆ ಊದಿದೆ" ಅನ್ನೋ ಒಂದು ಸಾಲು.

ಹುಳುಕು ಹಲ್ಲು ಕೆಡುವುದಕ್ಕೆ ಒಂದು ಕ್ರಮ ಇದೆ. ಮೊದಲು ತಣ್ಣೀರು, ಸಿಹಿ ತಾಗಿದಾಗ ಜುಂ ಅನ್ನುತ್ತದೆ, ಎರಡು ಸೆಕೆಂಡಿಗೆ ಹೋಗುತ್ತದೆ. ಈ ಹೊತ್ತಿನಲ್ಲಿ ಬಂದರೆ ಬರೀ ಫಿಲ್ಲಿಂಗ್‌ನಲ್ಲಿ ಮುಗಿಯುತ್ತದೆ. ಮುಂದೆ ಬಿಸಿ ಕಾಫಿ ತಾಗಿದರೆ ನೋವು ಶುರುವಾಗಿ ನಿಮಿಷಗಟ್ಟಲೆ ನಿಲ್ಲುವುದಿಲ್ಲ, ಏನೂ ತಾಗದೆಯೂ ಬರುತ್ತದೆ, ರಾತ್ರಿ ನಿದ್ದೆಗೆಡಿಸುತ್ತದೆ. ಕೆಲವರು ಬಾಯಲ್ಲಿ ತಣ್ಣೀರು ಹಿಡಿದುಕೊಂಡೇ ಕ್ಲಿನಿಕ್ಕಿಗೆ ಬರುತ್ತಾರೆ, ಉಗಿದರೆ ನೋವು ಮತ್ತೆ ಬರುತ್ತದೆ ಅಂತ. ಬಾಟಲಿ ಹಿಡಿದು, ಮಾತಾಡದೆ, ಕೈಸನ್ನೆ ಮಾಡುತ್ತಾ ಬಂದವರನ್ನು ನೋಡಿದ ತಕ್ಷಣ ನಮಗೆ ಗೊತ್ತಾಗುತ್ತದೆ, ಒಳಗಿನ ನರ ಉಳಿಯುವ ಹಾಗಿಲ್ಲ ಅಂತ. ಆದರೂ ಈ ಹಂತದಲ್ಲಿ ಸೋಂಕು ಇನ್ನೂ ಹಲ್ಲಿನೊಳಗೇ ಇದೆ. ಆಂಟಿಬಯಾಟಿಕ್ ಕೊಟ್ಟರೆ ನೋವು ಕಮ್ಮಿ ಆಗುವುದಿಲ್ಲ. ಅಂಗಡಿಯಲ್ಲಿ ಎರಡು ದಿನಕ್ಕೆ ಅಂತ ನಾಲ್ಕು ಅಮಾಕ್ಸಿಸಿಲಿನ್ ಕೊಟ್ಟರೆ ತೆಗೆದುಕೊಳ್ಳಬೇಡಿ.

ಆಮೇಲೆ ಒಂದು ದಿನ ನೋವು ತಟ್ಟನೆ ನಿಲ್ಲುತ್ತದೆ. ಮನೆಯವರಿಗೆಲ್ಲ ಸಮಾಧಾನ. ಮಾತ್ರೆ ಕೆಲಸ ಮಾಡಿತು ಅಂದುಕೊಳ್ಳುತ್ತಾರೆ. ನಿಜವಾಗಿ ಆಗಿರುವುದು ಬೇರೆ. ಒಳಗಿನ ನರ ಸತ್ತುಹೋಗಿರುತ್ತದೆ. ನೋವು ಹೇಳಲು ಯಾರೂ ಉಳಿದಿಲ್ಲ, ಅಷ್ಟೇ. ಬ್ಯಾಕ್ಟೀರಿಯಾಗಳು ಬೇರಿನ ತುದಿಯ ರಂಧ್ರದಿಂದ ದವಡೆ ಮೂಳೆಗೆ ಇಳಿಯುತ್ತವೆ. ಆಗ ನೋವು ಹೊಸ ರೂಪದಲ್ಲಿ ಬರುತ್ತದೆ. ಬಿಸಿ ತಣ್ಣಗೆ ತಾಗಿದರೆ ಏನೂ ಅನ್ನಿಸುವುದಿಲ್ಲ, ಕಚ್ಚಿದರೆ ಜೀವ ಹೋಗುತ್ತದೆ. ಆ ಹಲ್ಲು ಒಂದು ಕೂದಲೆಳೆ ಎತ್ತರ ಆದ ಹಾಗೆ, ಬಾಯಿ ಮುಚ್ಚಿದಾಗ ಅದೇ ಮೊದಲು ತಾಗಿದ ಹಾಗೆ ಅನ್ನಿಸುತ್ತದೆ. ನಾವು ಕನ್ನಡಿಯ ಹಿಡಿಯಿಂದ ಹಲ್ಲನ್ನು ಮೆಲ್ಲಗೆ ತಟ್ಟಿ ನೋಡುವುದು ಇದಕ್ಕಾಗಿಯೇ. ಮೊದಲು ಪಕ್ಕದ ಒಳ್ಳೆಯ ಹಲ್ಲು ತಟ್ಟುತ್ತೇವೆ, ಆಮೇಲೆ ಕೆಟ್ಟದ್ದು. ಸೋಂಕು ಬೇರಿನಾಚೆ ಹೋಗಿದ್ದರೆ ಅವರು ಕುರ್ಚಿಯಿಂದ ಏಳುತ್ತಾರೆ. ಮುಂದೆ ಕೀವು ದಾರಿ ಹುಡುಕುತ್ತದೆ. ವಸಡಿನಲ್ಲಿ ಮೊಡವೆಯಂಥ ಗುಳ್ಳೆ ಎದ್ದು ಒಡೆದರೆ ಬಾಯಲ್ಲಿ ಕೆಟ್ಟ ರುಚಿ, ವಾಸನೆ. ದಾರಿ ಕೆನ್ನೆಯ ಕಡೆ ಇದ್ದರೆ ಕೆನ್ನೆ ಊದುತ್ತದೆ. ನಿಮ್ಮವರ ಹಲ್ಲು ಇರುವುದು ಈ ಹಂತದಲ್ಲಿ ಅನ್ನಿಸುತ್ತದೆ. ಶುಗರ್ ಇರುವುದರಿಂದ ಇದು ಬೇರೆಯವರಿಗಿಂತ ಬೇಗ ಹರಡಬಹುದು. ಸೋಂಕು ಇದ್ದಾಗ ಶುಗರ್ ಕೂಡ ಏರುತ್ತದೆ, ಮನೆಯಲ್ಲಿ ಮೀಟರ್ ಇದ್ದರೆ ನೋಡಿ.

ಜ್ವರ ಇಲ್ಲವಲ್ಲ ಅಂತ ನೀವು ಕೇಳಬಹುದು. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಎರಡೂ ಜ್ವರ ಇಳಿಸುವ ಮಾತ್ರೆಗಳೇ. ದಿನವಿಡೀ ಅವನ್ನು ನುಂಗುವವರ ಮೈ ತಣ್ಣಗಿದ್ದರೆ ಅದಕ್ಕೆ ಅರ್ಥ ಇಲ್ಲ. ಕೊನೆಯ ಮಾತ್ರೆ ನುಂಗಿ ಆರು ಗಂಟೆ ಆದ ಮೇಲೆ ಥರ್ಮಾಮೀಟರ್ ಇಟ್ಟು ನೋಡಿದರೆ ಸ್ವಲ್ಪ ಗೊತ್ತಾದೀತು. ಅದಕ್ಕಾಗಿ ಆಸ್ಪತ್ರೆಗೆ ಹೋಗುವುದನ್ನು ಮಾತ್ರ ತಡ ಮಾಡಬೇಡಿ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಬೆನ್ನು ನೋವಿಗೆ ಶಾಖ ಒಳ್ಳೆಯದೇ. ಹಲ್ಲಿನ ಕೀವಿಗೆ ಹೊರಗಿನಿಂದ ಶಾಖ ಕೊಟ್ಟರೆ ಅಲ್ಲಿಗೆ ರಕ್ತ ಜಾಸ್ತಿ ಹರಿದು ಊತ ಏರುತ್ತದೆ, ಕೀವು ಬಾಯೊಳಗೆ ಒಡೆಯುವ ಬದಲು ಕೆನ್ನೆಯ ಚರ್ಮದ ಕಡೆ ಬರುತ್ತದೆ. ಬೇಕಾದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಹೊರಗಡೆ ಇಡಲಿ. ಉಗುರು ಬೆಚ್ಚಗಿನ ಉಪ್ಪುನೀರು ಬಾಯಿ ಮುಕ್ಕಳಿಸಲಿ. ಮಾತ್ರೆಯನ್ನು ಪುಡಿ ಮಾಡಿ ಹಲ್ಲಿನ ಪಕ್ಕ ಇಡುವುದು ಬೇಡವೇ ಬೇಡ. ಆಸ್ಪಿರಿನ್ ಹಾಗೆ ಇಟ್ಟುಕೊಂಡು ಬಂದವರ ವಸಡು ಸುಟ್ಟು, ಬೆಳ್ಳಗೆ, ಹಾಲಿನ ಕೆನೆ ಕಟ್ಟಿದ ಹಾಗೆ ಆಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಾತ್ರೆ ಕೆಲಸ ಮಾಡುವುದು ಹೊಟ್ಟೆಗೆ ಹೋಗಿ ರಕ್ತ ಸೇರಿದ ಮೇಲೆ. ವಸಡಿಗೆ ಅದು ಬರೀ ಆಮ್ಲ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಇವುಗಳಲ್ಲಿ ಒಂದು ಕಂಡರೂ ಕ್ಲಿನಿಕ್ ಯಾವಾಗ ತೆರೆಯುತ್ತದೆ ಅಂತ ಕಾಯಬಾರದು. ಗದ್ದದ ಕೆಳಗೆ ಬೆರಳಿಟ್ಟು ಒತ್ತಿ ನೋಡಿ. ಎರಡೂ ಕಡೆ ಹಲಗೆಯ ಹಾಗೆ ಗಟ್ಟಿಯಾಗಿದೆಯಾ? ಬಾಯಿ ತೆರೆಯಲಿ. ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಎರಡು ಬೆರಳು ಹೋಗದಷ್ಟು ಬಾಯಿ ಬಿಗಿದಿದೆಯಾ? ನಾಲಿಗೆ ಮೇಲಕ್ಕೆ ಎತ್ತಿದ ಹಾಗಿದೆಯಾ? ಎಂಜಲು ನುಂಗಲಾಗದೆ ಹೊರಗೆ ಸುರಿಯುತ್ತಿದೆಯಾ? ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದ ಹಾಗೆ ಧ್ವನಿ ಬದಲಾಗಿದೆಯಾ? ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಾರಾ? ಕೆಳಗಿನ ದವಡೆ ಹಲ್ಲಿನ ಸೋಂಕು ನಾಲಿಗೆಯ ಅಡಿಗೆ, ಕತ್ತಿಗೆ ಇಳಿದಾಗ ಹೀಗಾಗುತ್ತದೆ. ಉಸಿರಿನ ದಾರಿ ಕೆಲವೇ ಗಂಟೆಗಳಲ್ಲಿ ಮುಚ್ಚಿಹೋಗಬಹುದು. 108ಕ್ಕೆ ಫೋನ್ ಮಾಡಿ, ಐಸಿಯು ಇರುವ ಆಸ್ಪತ್ರೆಗೇ ಹೋಗಿ. ಮೇಲಿನ ಹಲ್ಲಾಗಿದ್ದು ಊತ ಕಣ್ಣಿನ ತನಕ ಏರಿ ರೆಪ್ಪೆ ಮುಚ್ಚಿಕೊಂಡರೂ ಹಾಗೇ. ಚಳಿ ನಡುಕ, ಎದೆ ಬಡಿತ ಜೋರು, ಮಾತು ತಡವರಿಸುವುದು ಇದ್ದರೂ ಅಷ್ಟೇ.

ಇನ್ನೊಂದು ಮಾತು, 50 ದಾಟಿದ ಬಿಪಿ, ಶುಗರ್ ಇರುವವರಿಗಾಗಿ. ಕೆಳದವಡೆಯ ನೋವು ಮೆಟ್ಟಿಲು ಹತ್ತಿದಾಗ ಬಂದು ಕೂತರೆ ಹೋಗುತ್ತಿದ್ದರೆ, ಅಥವಾ ಜೊತೆಗೆ ಬೆವರು, ಎದೆ ಬಿಗಿತ, ಎಡಗೈ ನೋವು ಇದ್ದರೆ, ಅದು ಹಲ್ಲಲ್ಲ, ಹೃದಯ. ನಿಮ್ಮವರಿಗೆ ಕೆನ್ನೆ ಊದಿರುವುದರಿಂದ ಇದು ಹಲ್ಲಿನದೇ. ಆದರೂ ಗೊತ್ತಿರಲಿ.

ಮನೆಯಲ್ಲಿ ಮಕ್ಕಳಿದ್ದರೆ ಅವರಿಗೆ ದೊಡ್ಡವರ ಮಾತ್ರೆ ಮುರಿದು ಕೊಡಬೇಡಿ. ಮಕ್ಕಳಿಗೆ ಲೆಕ್ಕ ವಯಸ್ಸಿನದಲ್ಲ, ತೂಕದ್ದು. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ ದಾಟಬಾರದು. 12 ಕಿಲೋ ಮಗುವಿಗೆ ಜಾಸ್ತಿ ಅಂದರೆ 180 ಮಿಲಿಗ್ರಾಂ. ನಮ್ಮಲ್ಲಿ ಸಿರಪ್ 5 ಮಿಲಿಗೆ 120 ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಮೊದಲನೆಯದರಲ್ಲಿ ಏಳೂವರೆ ಮಿಲಿ ಸರಿ. ಅದೇ ಏಳೂವರೆ ಮಿಲಿಯನ್ನು ಎರಡನೆಯ ಬಾಟಲಿಯಿಂದ ಕೊಟ್ಟರೆ 375 ಆಗುತ್ತದೆ, ಎರಡು ಪಟ್ಟಿಗಿಂತ ಜಾಸ್ತಿ. ಬಾಟಲಿ ಬದಲಾದಾಗಲೆಲ್ಲ ಲೇಬಲ್ ಓದಿ. ಆಸ್ಪಿರಿನ್ ಅನ್ನು ಮಕ್ಕಳಿಗೆ ಕೊಡಲೇಬಾರದು.

ಡಾಕ್ಟರ ಹತ್ತಿರ ಹೋದಾಗ ಅವರು ಏನು ಮಾಡುತ್ತಾರೆ ಅಂತ ನಿಮ್ಮವರಿಗೆ ಮೊದಲೇ ಹೇಳಿ, ಹೆದರಿಕೆ ಕಮ್ಮಿ ಆಗುತ್ತದೆ. ಒಂದು ಸಣ್ಣ ಎಕ್ಸ್‌ರೇ ತೆಗೆಯುತ್ತಾರೆ. ಹಲ್ಲಿನ ಮೇಲಿನಿಂದ ದಾರಿ ಮಾಡಿಯೋ, ವಸಡಿನಲ್ಲಿ ಚಿಕ್ಕ ಗಾಯ ಮಾಡಿಯೋ ಕೀವನ್ನು ಹೊರಗೆ ಬಿಡುತ್ತಾರೆ. ನಾಲ್ಕು ದಿನದ ಮಾತ್ರೆ ಮಾಡದ ಕೆಲಸ ಆ ಹತ್ತು ನಿಮಿಷದಲ್ಲಿ ಆಗುತ್ತದೆ. ಊತ ಹರಡಿದ್ದರೆ, ಜ್ವರ ಇದ್ದರೆ, ಶುಗರ್ ಏರಿದ್ದರೆ ಆಗ ಆಂಟಿಬಯಾಟಿಕ್ ಬರೆಯುತ್ತಾರೆ. ಅದು ಕೀವು ತೆಗೆಯುವುದರ ಜೊತೆಗೆ, ಅದರ ಬದಲಿಗೆ ಅಲ್ಲ. ಆಮೇಲೆ ರೂಟ್ ಕೆನಾಲ್ ಮಾಡುವುದೋ, ಹಲ್ಲು ತೆಗೆಯುವುದೋ ಅಂತ ನಿಧಾನವಾಗಿ ಮಾತಾಡಬಹುದು. ಖಾಸಗಿ ಕ್ಲಿನಿಕ್ಕಿನ ಖರ್ಚು ಯೋಚನೆಯಾದರೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲಿನ ವಿಭಾಗದಲ್ಲಿ ಕೇಳಿ.

ಹೊರಡುವಾಗ ಫೋಟೋದಲ್ಲಿದ್ದ ನಾಲ್ಕೂ ಸ್ಟ್ರಿಪ್, ಶುಗರ್ ಮಾತ್ರೆ, ಖಾಲಿಯಾದ ಸ್ಟ್ರಿಪ್‌ಗಳು ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಕೊಳ್ಳಿ. ಕೊನೆಯ ಡೋಲೋ, ಕೊನೆಯ ಕಾಂಬಿಫ್ಲಾಮ್ ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ. ಅವರು ಏನಾದರೂ ತಿಂದು ಹೊರಡಲಿ, ಶುಗರ್ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಕೂತರೆ ತಲೆ ಸುತ್ತುತ್ತದೆ. ಕುಡಿಯುವ ಅಭ್ಯಾಸ ಇದ್ದರೆ ಮುಜುಗರ ಪಡದೆ ಡಾಕ್ಟರಿಗೆ ಹೇಳಿ, ಮುಂದೆ ಎಷ್ಟು ಪ್ಯಾರಾಸಿಟಮಾಲ್ ಕೊಡಬೇಕು ಅನ್ನೋದು ಅದರ ಮೇಲಿದೆ. ಕೀವು ಬಿಟ್ಟ ಮೇಲೂ ಎರಡನೇ ದಿನಕ್ಕೆ ಊತ ಇಳಿಯುವ ಬದಲು ಏರಿದರೆ ಮತ್ತೆ ಅದೇ ಡಾಕ್ಟರ ಹತ್ತಿರ ಹೋಗಿ. ಅಂಗಡಿಗೆ ಹೋಗಿ ಇನ್ನೊಂದು ಸ್ಟ್ರಿಪ್ ತರಬೇಡಿ.